ತರಗೆಲೆಗೆ ಬೆಂಕಿಯಲ್ಲ, ನೀರು ಕೊಡಿ

ಜನವರಿ ಬಂತೆಂದರೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಬೆಳಗಾಗುತ್ತಲೇ ಮನೆಗಳ ಹಿತ್ತಿಲಿನಿಂದ ಹೊಗೆ ಏಳುತ್ತದೆ. ಹಲಸು, ಮಾವು, ಗೇರಿನ ತರಗೆಲೆ ಗುಡಿಸಿ ಮೂಲೆಗೆ ಹಾಕುವುದು, ಇಬ್ಬನಿಗೆ ಒದ್ದೆಯಾದ ರಾಶಿ ಹೊತ್ತಿಕೊಳ್ಳಲಿ ಅಂತ ಮೇಲೆ ಎರಡು ಹಾಲಿನ ತೊಟ್ಟೆ, ಒಂದು ಹಳೆ ಚಪ್ಪಲಿ. ಒದ್ದೆ ಎಲೆ ಸರಿಯಾಗಿ ಉರಿಯುವುದಿಲ್ಲ, ಬರೀ ಹೊಗೆಯಾಡುತ್ತದೆ. ಅಂಥ ಅರೆಬೆಂಕಿಯಲ್ಲೇ ಶ್ವಾಸಕೋಶದ ಒಳಗೆ ಇಳಿಯುವ ಸಣ್ಣ ಮಸಿಕಣ, ಕಾರ್ಬನ್ ಮೊನಾಕ್ಸೈಡ್ ಜಾಸ್ತಿ. ಚಳಿಯ ಬೆಳಿಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುತ್ತದೆ. ಹಾಗಾಗಿ ಹೊಗೆ ಮೇಲೆ ಹೋಗದೆ ನೇರ ಪಕ್ಕದ ಮನೆಯ ಅಡುಗೆಕೋಣೆಗೆ ನುಗ್ಗುತ್ತದೆ.

ಸುಡುವ ಬದಲು ಗೊಬ್ಬರ ಮಾಡಿ ಅಂದರೆ, "ಮಾಡಿ ನೋಡಿದೆವು, ಎಲೆ ಎಲೆಯಾಗಿಯೇ ಉಳಿಯಿತು" ಅನ್ನುವವರು ಬಹಳ ಮಂದಿ. ಅವರ ರಾಶಿಗೆ ಕೈ ಹಾಕಿದರೆ ಕಾರಣ ಗೊತ್ತಾಗುತ್ತದೆ. ಒಳಗೆ ಒಣ.

ಮೊದಲು ತೊಟ್ಟೆ, ಬಾಟಲಿ, ಚಪ್ಪಲಿ ಬೇರೆ ಮಾಡಿ. ತೊಳೆದು ಒಣಗಿಸಿ, ಮನೆಮನೆಯಿಂದ ಪ್ಲಾಸ್ಟಿಕ್ ಒಯ್ಯುವ ಪಂಚಾಯತಿನ ಹರಿತ ಕರ್ಮ ಸೇನೆಯವರು ಬಂದಾಗ ಕೊಡಿ. ಅವರಿಗೆ ಕೊಡುವ ತಿಂಗಳ ಐವತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ.

ನೆರಳಿರುವ, ನೀರು ನಿಲ್ಲದ ಜಾಗದಲ್ಲಿ ತಂತಿ ಬಲೆಯನ್ನು ಮೂರೂವರೆ ಅಡಿ ಅಗಲದ ಬಳೆಯಂತೆ ಸುತ್ತಿ ನಿಲ್ಲಿಸಿ. ಎತ್ತರವೂ ಅಷ್ಟೇ ಇರಲಿ. ಇದಕ್ಕಿಂತ ಸಣ್ಣದಾದರೆ ಒಳಗೆ ಬಿಸಿ ನಿಲ್ಲುವುದಿಲ್ಲ. ಸಬ್ಸಿಡಿಯಲ್ಲಿ ಸಿಗುವ ಪುಟ್ಟ ಪ್ಲಾಸ್ಟಿಕ್ ಡಬ್ಬಗಳು ಅಡುಗೆಮನೆಯ ಸಿಪ್ಪೆಗೆ ಸರಿ, ಹಿತ್ತಿಲ ತರಗೆಲೆಗೆ ಪ್ರಯೋಜನವಿಲ್ಲ.

ಇನ್ನು ಎಲ್ಲರೂ ಎಡವುವ ಕಡೆ. ಗೇರು, ಹಲಸಿನ ಎಲೆಯ ಮೇಲೆ ಮೇಣದಂಥ ಪದರ ಇದೆ. ರಾಶಿ ಮಾಡಿ ಮೇಲಿನಿಂದ ಪೈಪು ಹಿಡಿದರೆ ನೀರು ಎಲೆಯಿಂದ ಎಲೆಗೆ ಜಾರಿ ಅಡಿಗೆ ಹೋಗುತ್ತದೆ, ಮೇಲೆ ಒದ್ದೆ, ಅಡಿಯಲ್ಲಿ ಕೆಸರು, ನಡುವೆ ಮಾತ್ರ ಹಪ್ಪಳ. ಆದ್ದರಿಂದ ರಾಶಿ ಹಾಕುವ ಮೊದಲೇ ನೆನೆಸಬೇಕು. ಎಲೆಯನ್ನು ಅಂಗಳದಲ್ಲಿ ಹರಡಿ ತುಳಿದು ಪುಡಿ ಮಾಡಿ, ಹಳೆ ಡ್ರಮ್ಮಿನಲ್ಲಿ ಸಗಣಿ ನೀರು ಕಲಸಿ ಅದರಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿ ಒಂದು ರಾತ್ರಿ ಬಿಡಿ. ಮರುದಿನ ಎಲೆ ಮಡಚಿದರೆ ಚಟ್ ಅನ್ನಬಾರದು, ಬಾಗಬೇಕು. ಡ್ರಮ್ಮಿಗೆ ಹಿಡಿಸಿದಷ್ಟನ್ನೇ ನೆನೆಸಿ, ದಿನಕ್ಕೊಂದು ಸರದಿಯಂತೆ ಬಲೆಗೆ ತುಂಬಿಸುತ್ತಾ ಹೋದರಾಯಿತು.

ಲೆಕ್ಕ ಹೇಳುವುದಾದರೆ, ಸುಮಾರು ಮೂವತ್ತು ಕಿಲೋ ಒಣ ಎಲೆಗೆ ಇಪ್ಪತ್ತು ಕಿಲೋ ಹಸಿ ಸಗಣಿ, ಅಷ್ಟೇ ಗೊಬ್ಬರದ ಗಿಡದ ಸೊಪ್ಪು. ಬೇಲಿಯಲ್ಲಿ ಬೆಳೆಯುತ್ತದಲ್ವಾ, ಆ ಗ್ಲಿರಿಸಿಡಿಯಾವೇ. ಒಣ ಎಲೆಯಲ್ಲಿ ಸಾರಜನಕ ಕಡಿಮೆ, ಅದನ್ನು ಈ ಎರಡು ತುಂಬಿಸುತ್ತವೆ. ಎಲೆ ಒಂದು ಗೇಣು, ಸೊಪ್ಪು ನಾಲ್ಕು ಬೆರಳು, ಮೇಲೆ ಸಗಣಿ ನೀರು, ಹೀಗೆ ಬಲೆ ತುಂಬುವ ತನಕ. ಎಲೆ ಬೇಗ ಗೊಬ್ಬರವಾಗಲಿ ಅಂತ ಅಂಗಡಿಯಲ್ಲಿ ಮಾರುವ ಪುಡಿ, ಬಾಟಲಿ ದ್ರಾವಣ ಯಾವುದೂ ಬೇಡ, ಸುಮ್ನೆ ದುಡ್ಡು ದಂಡ. ಬೇಕಾದ ಸೂಕ್ಷ್ಮಜೀವಿಗಳು ಸಗಣಿಯಲ್ಲೇ ಇವೆ.

ತುಂಬಿಸಿದ ಮೇಲೆ ನಡುವಿನಿಂದ ಒಂದು ಹಿಡಿ ತೆಗೆದು ಹಿಂಡಿ. ಒಂದೆರಡು ಹನಿ ಬಂದರೆ ಹದ. ಧಾರೆ ಇಳಿದರೆ ಜಾಸ್ತಿಯಾಯಿತು, ಒಂದಿಷ್ಟು ಒಣ ಎಲೆ ಸೇರಿಸಿ. ನಾಲ್ಕನೇ ದಿನ ಕಬ್ಬಿಣದ ಸರಳೊಂದನ್ನು ನಡುವಿಗೆ ತೂರಿಸಿ ಹತ್ತು ನಿಮಿಷ ಬಿಟ್ಟು ಎಳೆದರೆ ಕೈಯಲ್ಲಿ ಹಿಡಿಯಲಾರದಷ್ಟು ಬಿಸಿ ಇರಬೇಕು. ತಣ್ಣಗಿದ್ದು ಒಣಗಿದ್ದರೆ ನೀರಿನ ತಕರಾರು. ತಣ್ಣಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಇಲ್ಲ, ಹರಡಿ ಮತ್ತೆ ತುಂಬಿಸಿ. ಮೂಗಿಗೆ ಖಾರ ಹೊಡೆದರೆ ಸಗಣಿ ಹೆಚ್ಚಾಗಿದೆ.

ಮೂರು ವಾರಕ್ಕೊಮ್ಮೆ ಬಲೆ ಎತ್ತಿ ಪಕ್ಕಕ್ಕಿಟ್ಟು, ಹೊರಗಿನದು ಒಳಗೆ ಬರುವಂತೆ ತಿರುವಿ ತುಂಬಿಸಿ. ಆಗ ಒಳಗೆ ಬೂದಿಯಂಥ ಬೆಳ್ಳನೆ ಪುಡಿ ಕಂಡರೆ ಗಾಬರಿ ಬೇಡ, ಬಿಸಿಯಲ್ಲಿ ಒಣಗಿದೆ ಅಂತ ಅರ್ಥ. ಅಲ್ಲಿಗೇ ಒಂದು ಬಕೆಟ್ ನೀರು ಹಾಕಿ. ಈ ಹಂತ ಸೋಮಾರಿತನಕ್ಕೆ ಬಿಟ್ಟರೂ ಗೊಬ್ಬರವಾಗುತ್ತದೆ, ಆದರೆ ತಡ.

ಅಡಿಕೆ ಹಾಳೆ, ತೆಂಗಿನ ಮಡಲಿನ ದಂಡು ಇದಕ್ಕೆ ಹಾಕಬೇಡಿ, ಬೇಗ ಕರಗುವುದಿಲ್ಲ. ತೋಟದಲ್ಲಿ ಬುಡಕ್ಕೆ ಹೊದಿಸಿ. ತೆಂಗಿನ ಗರಿಗೆ ಎರೆಹುಳು ಬಿಡುವ ಕ್ರಮವೇ ಬೇರೆ, ಕಾಸರಗೋಡಿನ ಕೂಡ್ಲು ಹತ್ತಿರದ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ಇಲ್ಲಿಯದೇ ಹುಳದಿಂದ ಅದನ್ನು ರೂಪಿಸಿದ್ದಾರೆ.

ಜನವರಿಯಲ್ಲಿ ತುಂಬಿಸಿದ್ದು ಮೇ ಮಧ್ಯಕ್ಕೆ ಕಪ್ಪಗೆ, ಮಣ್ಣಿನ ವಾಸನೆಯ ಗೊಬ್ಬರವಾಗಿರುತ್ತದೆ. ರಾಶಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಆಗಲೇ ತೆಗೆದು ಅಡಿಕೆಯ ಬುಡಕ್ಕೆ ಹಾಕಿ, ಉಳಿದದ್ದನ್ನು ಸೋಗೆ ಅಥವಾ ಶೀಟು ಹೊದಿಸಿ ಇಡಿ. ನಮ್ಮ ಜೂನ್ ಮಳೆ ಬಯಲಲ್ಲಿಟ್ಟ ಗೊಬ್ಬರದ ಸಾರವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ.