ಒಂದು ಆರ್ಡರ್, ಎರಡು ಇನ್‌ವಾಯ್ಸ್: ಸಿಂಕ್ ಕೈಕೊಟ್ಟಾಗ ಮತ್ತೆ ಕಳಿಸುವುದು ಹೇಗೆ?

ಆರ್ಡರ್ ಸಂಖ್ಯೆ 10482 ಬಂತು ಎಂದುಕೊಳ್ಳಿ. ಸಿಂಕ್ ಪ್ರೋಗ್ರಾಂ ಅದನ್ನು ಅಕೌಂಟಿಂಗ್ ಸಾಫ್ಟ್‌ವೇರ್‌ಗೆ ಕಳಿಸಿ 30 ಸೆಕೆಂಡ್ ಕಾಯುತ್ತದೆ. ಉತ್ತರ ಬರುವುದಿಲ್ಲ. ಟೈಮ್‌ಔಟ್ ಎಂದು ಬರೆದುಕೊಂಡು, ಒಂದು ನಿಮಿಷ ಬಿಟ್ಟು ಮತ್ತೆ ಕಳಿಸುತ್ತದೆ. ಈ ಸಲ ಎರಡೇ ಸೆಕೆಂಡಿನಲ್ಲಿ ‘ಆಯಿತು’ ಎಂಬ ಉತ್ತರ. ಲಾಗ್ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತಿಂಗಳ ಕೊನೆಗೆ ಲೆಕ್ಕ ನೋಡಿದರೆ ಆ ಆರ್ಡರ್‌ಗೆ ಎರಡು ಇನ್‌ವಾಯ್ಸ್! ಮೊದಲ ಕರೆಯೂ ಅತ್ತ ತಲುಪಿತ್ತು, 34ನೇ ಸೆಕೆಂಡಿಗೆ ಇನ್‌ವಾಯ್ಸ್ ಆಗಿಯೂ ಇತ್ತು. ಅದರ ಉತ್ತರ ಕೇಳಿಸಿಕೊಳ್ಳಲು ಇತ್ತ ಯಾರೂ ಇರಲಿಲ್ಲ, ಅಷ್ಟೆ.

ಟೈಮ್‌ಔಟ್ ಬಂದರೆ ಕೆಲಸ ಆಗಿರಬಹುದು, ಆಗದೆಯೂ ಇರಬಹುದು. ರಿಟ್ರೈ ಕ್ಯೂ ಕಟ್ಟುವವರು ಇದೊಂದನ್ನು ತಲೆಯಲ್ಲಿಟ್ಟುಕೊಂಡೇ ಶುರುಮಾಡಬೇಕು.

ಮೊದಲು ಬರೆದಿಡಿ, ಆಮೇಲೆ ಕಳಿಸಿ

ಆರ್ಡರ್ ಉಳಿಸುವ ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲೇ ಸಿಂಕ್ ಜಾಬ್‌ನ ಸಾಲನ್ನೂ ಬರೆಯಿರಿ. ಆರ್ಡರ್ ಉಳಿದ ಮೇಲೆ ನೇರವಾಗಿ ಕರೆ ಮಾಡಿದರೆ, ನಡುವೆ ಸರ್ವರ್ ಬಿದ್ದಾಗ ಆ ಆರ್ಡರ್ ಲೆಕ್ಕಕ್ಕೆ ಹೋಗಬೇಕಿತ್ತು ಎಂಬ ಗುರುತೇ ಉಳಿಯದು. ಸಾಲಿನಲ್ಲಿ ಆರ್ಡರ್ ಸಂಖ್ಯೆ, ಸ್ಥಿತಿ, ಎಷ್ಟು ಸಲ ಪ್ರಯತ್ನಿಸಿದೆ, ಮುಂದಿನ ಪ್ರಯತ್ನದ ಸಮಯ, ಕೊನೆಯ ದೋಷ ಇಷ್ಟಿದ್ದರೆ ಸಾಕು. ಪೋಸ್ಟ್‌ಗ್ರೆಸ್‌ನಲ್ಲಾದರೆ ವರ್ಕರ್ ಹೀಗೆ ಜಾಬ್ ಎತ್ತಿಕೊಳ್ಳುತ್ತದೆ:

```sql
SELECT * FROM sync_jobs
WHERE status = 'pending' AND next_try_at <= now()
ORDER BY next_try_at
LIMIT 1
FOR UPDATE SKIP LOCKED;
```

ಒಂದು ವರ್ಕರ್ ಹಿಡಿದ ಸಾಲನ್ನು ಇನ್ನೊಂದು ಮುಟ್ಟದೆ ಮುಂದೆ ಹೋಗುವಂತೆ ಮಾಡುವುದು ಕೊನೆಯ ಸಾಲಿನ ಕೆಲಸ.

ಯಾವ ದೋಷಕ್ಕೆ ಏನು?

ಎಲ್ಲ ದೋಷಕ್ಕೂ ‘ಐದು ಸಲ ಪ್ರಯತ್ನಿಸು’ ಎಂದು ಬರೆದು ಕೈತೊಳೆದುಕೊಳ್ಳುವುದು ಸಾಮಾನ್ಯ ತಪ್ಪು. 503 ಬಂದರೆ ಅಥವಾ ಸಂಪರ್ಕ ಕಡಿದರೆ ಕಾದು ಮತ್ತೆ ಕಳಿಸಬಹುದು. 429 ಎಂದರೆ ನೀವು ಮಿತಿಮೀರಿ ಕರೆಯುತ್ತಿದ್ದೀರಿ. ಉತ್ತರದಲ್ಲಿ `Retry-After` ಇದ್ದರೆ ಅದು ಹೇಳಿದಷ್ಟು ಸೆಕೆಂಡ್ ಸುಮ್ಮನಿರಿ. 400 ಅಥವಾ 422 ಬಂದರೆ ಕಳಿಸಿದ ಮಾಹಿತಿಯೇ ಸರಿಯಿಲ್ಲ: ತೆರಿಗೆ ಕೋಡ್ ಇಲ್ಲ, ಗ್ರಾಹಕರ ಖಾತೆ ಸಿಗುತ್ತಿಲ್ಲ, ಆ ತಿಂಗಳ ಲೆಕ್ಕ ಲಾಕ್ ಆಗಿದೆ. ಇಂಥದ್ದನ್ನು ನೂರು ಸಲ ಕಳಿಸಿದರೂ ನೂರು ಸಲವೂ ಅದೇ ಉತ್ತರ. ಮೊದಲ ಸಲವೇ ವಿಫಲ ಜಾಬ್‌ಗಳ ಪೆಟ್ಟಿಗೆಗೆ, ಅಂದರೆ ಡೆಡ್ ಲೆಟರ್ ಕ್ಯೂಗೆ, ಹಾಕಿ.

401 ಸ್ವಲ್ಪ ಬೇರೆ. ಟೋಕನ್ ಅವಧಿ ಮುಗಿದಿದ್ದರೆ ಹೊಸದು ಪಡೆದು ಮತ್ತೆ ಕಳಿಸಿ, ಅದನ್ನು ಪ್ರಯತ್ನದ ಲೆಕ್ಕಕ್ಕೆ ಸೇರಿಸಬೇಡಿ. ಹೊಸ ಟೋಕನ್ನೂ ಸಿಗದಿದ್ದರೆ ಇಡೀ ಕ್ಯೂ ನಿಲ್ಲಿಸಿ. ಇಲ್ಲವಾದರೆ ಮುನ್ನೂರು ಜಾಬ್‌ಗಳು ಒಂದೊಂದಾಗಿ ತಮ್ಮ ಪ್ರಯತ್ನಗಳನ್ನೆಲ್ಲ ಖರ್ಚುಮಾಡಿಕೊಂಡು, ಒಂದೇ ಕಾರಣಕ್ಕೆ ಎಲ್ಲವೂ ಪೆಟ್ಟಿಗೆಗೆ ಬೀಳುತ್ತವೆ.

ಎಷ್ಟು ಹೊತ್ತು ಕಾಯಬೇಕು?

ಒಂದು ನಿಮಿಷದಿಂದ ಶುರುಮಾಡಿ ಪ್ರತಿ ಸಲ ದುಪ್ಪಟ್ಟು ಮಾಡುತ್ತಾ ಹೋಗಿ: 1, 2, 4, 8, 16, 32, 64. ಎಂಟು ಪ್ರಯತ್ನಗಳ ನಡುವಿನ ಕಾಯುವಿಕೆ ಒಟ್ಟು 127 ನಿಮಿಷ. ಬಹುತೇಕ ಸಣ್ಣಪುಟ್ಟ ತೊಂದರೆ ಅಷ್ಟರಲ್ಲಿ ತಾನಾಗಿ ಸರಿಹೋಗಿರುತ್ತದೆ. ಪ್ರತಿ ಅವಧಿಗೂ ಕೆಲವು ಸೆಕೆಂಡುಗಳನ್ನು ಯಾದೃಚ್ಛಿಕವಾಗಿ ಕೂಡಿಸಿ. ಒಂದೇ ಗಳಿಗೆಯಲ್ಲಿ ಸೋತ ಜಾಬ್‌ಗಳೆಲ್ಲ ಮತ್ತೆ ಒಂದೇ ಗಳಿಗೆಯಲ್ಲಿ ಮುಗಿಬಿದ್ದರೆ, ಆಗಷ್ಟೇ ಎದ್ದ ಸರ್ವರ್ ಪುನಃ ಮಲಗುತ್ತದೆ.

ಕ್ಯೂ ಲೈಬ್ರರಿಯ ಮೂಲ ಸೆಟ್ಟಿಂಗ್ ಏನೆಂದು ನೋಡಿಕೊಳ್ಳದೆ ಬಿಡಬೇಡಿ. ಸೈಡ್‌ಕಿಕ್ ತಾನಾಗಿ 25 ಸಲ, ಸುಮಾರು 20 ದಿನ ಪ್ರಯತ್ನಿಸುತ್ತದೆ. ಇಮೇಲ್‌ಗೆ ಅದು ಸರಿಹೋದೀತು, ಲೆಕ್ಕಪತ್ರಕ್ಕೆ ಆಗದು. ಅಷ್ಟರಲ್ಲಿ ತಿಂಗಳ ಲೆಕ್ಕವೇ ಮುಗಿದಿರುತ್ತದೆ.

ಎರಡು ಸಲ ಹೋದರೂ ಒಂದೇ ಇನ್‌ವಾಯ್ಸ್

10482ರ ಕಥೆಗೆ ಮದ್ದು ಇರುವುದು ಇಲ್ಲಿ. ಪ್ರತಿ ಕರೆಯ ಜೊತೆ ಒಂದು ಗುರುತಿನ ಕೀ ಕಳಿಸಿ. ಕ್ವಿಕ್‌ಬುಕ್ಸ್ ಆನ್‌ಲೈನ್‌ನಲ್ಲಿ ಅದನ್ನು `requestid` ಎಂದೂ ಝೀರೋದಲ್ಲಿ `Idempotency-Key` ಹೆಡರ್ ಎಂದೂ ಕೊಡಬೇಕು. ಅದೇ ಕೀ ಎರಡನೇ ಸಲ ಬಂದರೆ ಸಾಫ್ಟ್‌ವೇರ್ ಹೊಸ ಇನ್‌ವಾಯ್ಸ್ ಮಾಡುವುದಿಲ್ಲ. ಕೀಯನ್ನು ಆರ್ಡರ್‌ನಿಂದಲೇ ಕಟ್ಟಬೇಕು:

```
order-10482-invoice-v1
```

ಪ್ರತಿ ಪ್ರಯತ್ನಕ್ಕೂ ಹೊಸ ಯುಯುಐಡಿ ಹುಟ್ಟಿಸುವ ಕೋಡ್ ಆಗಾಗ ಕಣ್ಣಿಗೆ ಬೀಳುತ್ತದೆ. ಕೀ ಇದ್ದೂ ಇಲ್ಲದಂತೆ ಅದು.

ನಿಮ್ಮ ಸಾಫ್ಟ್‌ವೇರ್‌ನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಇನ್‌ವಾಯ್ಸ್‌ನ ರೆಫರೆನ್ಸ್ ಜಾಗದಲ್ಲಿ ಆರ್ಡರ್ ಸಂಖ್ಯೆ ಹಾಕಿ, ಮತ್ತೆ ಕಳಿಸುವ ಮೊದಲು ಅದನ್ನು ಹುಡುಕಿ ನೋಡಿ. ಆದರೆ ಟೈಮ್‌ಔಟ್ ಆದ ತಕ್ಷಣ ಹುಡುಕಿದರೆ ಮೋಸಹೋಗುತ್ತೀರಿ. 31ನೇ ಸೆಕೆಂಡಿನಲ್ಲಿ ಹುಡುಕಿದರೆ ಏನೂ ಸಿಗದು, ಇನ್‌ವಾಯ್ಸ್ ಬರುವುದು 34ನೇ ಸೆಕೆಂಡಿಗೆ. ಹಾಗಾಗಿ ಟೈಮ್‌ಔಟ್ ಆದ ಜಾಬ್ ಅನ್ನು ಕೆಲವು ನಿಮಿಷ ಬಿಟ್ಟೇ ಎತ್ತಿಕೊಳ್ಳಿ.

ಪೆಟ್ಟಿಗೆ ತೆರೆದಾಗ

ಪೆಟ್ಟಿಗೆಗೆ ಬಿದ್ದ ಜಾಬ್ ಜೊತೆ ಕಳಿಸಿದ ಮಾಹಿತಿ ಮತ್ತು ಬಂದ ಉತ್ತರ ಎರಡೂ ಪೂರ್ತಿ ಇರಬೇಕು. ‘ಸಿಂಕ್ ವಿಫಲ’ ಎಂದಷ್ಟೇ ಇದ್ದರೆ ನೋಡಿದವರು ಏನೂ ಮಾಡಲಾಗದು. ಆರ್ಡರ್ 10491 ತೆರಿಗೆ ಕೋಡ್ ಇಲ್ಲದೆ 422 ಪಡೆದು ಬಿದ್ದಿದೆ ಎನ್ನಿ. ಕೋಡ್ ಜೋಡಣೆ ಸರಿಪಡಿಸಿ, ಅದೊಂದನ್ನೇ ಮೊದಲು ಕಳಿಸಿ ನೋಡಿ, ಸರಿಹೋದರೆ ಅದೇ ದೋಷದ ಉಳಿದವನ್ನೂ ಕಳಿಸಿ. ಹಳೆಯ ಮಾಹಿತಿಯನ್ನೇ ಮತ್ತೆ ಕಳಿಸಿದರೆ ಹಳೆಯ ದೋಷವೇ ಬರುತ್ತದೆ, ಆದ್ದರಿಂದ ಆರ್ಡರ್‌ನಿಂದ ಹೊಸದಾಗಿ ಕಟ್ಟಿ ಕಳಿಸಬೇಕು. ಮಾಹಿತಿ ಬದಲಾದ್ದರಿಂದ ಕೀಯೂ `v2` ಆಗಬೇಕು. ಹಿಂದಿನ ಎಲ್ಲ ಪ್ರಯತ್ನಗಳೂ ಸ್ಪಷ್ಟವಾಗಿ ತಿರಸ್ಕೃತವಾಗಿದ್ದರೆ ಮಾತ್ರ ಹೀಗೆ ಮಾಡಿ. ಅವುಗಳಲ್ಲಿ ಒಂದು ಟೈಮ್‌ಔಟ್ ಇದ್ದರೂ ಮೊದಲು ಆರ್ಡರ್ ಸಂಖ್ಯೆ ಹುಡುಕಿ, ಇಲ್ಲವಾದರೆ `v2` ಎಂಬುದೇ ಎರಡನೇ ಇನ್‌ವಾಯ್ಸ್ ತರುತ್ತದೆ.

ಲಾಕ್ ಆದ ತಿಂಗಳಿನ ಆರ್ಡರ್‌ಗೆ ಪ್ರೋಗ್ರಾಂ ತಾನಾಗಿ ಮುಂದಿನ ತಿಂಗಳ ದಿನಾಂಕ ಹಾಕಬಾರದು. ಅದನ್ನು ಲೆಕ್ಕ ನೋಡುವವರಿಗೆ ಬಿಡಿ. ಇನ್‌ವಾಯ್ಸ್ ಪೆಟ್ಟಿಗೆಯಲ್ಲಿರುವಾಗ ಅದರ ರಿಫಂಡ್ ಬಂದರೆ ಅದೂ ಕಾಯಲಿ, ಸೋತಂತೆ ಎಣಿಸಬೇಡಿ.

ರಾತ್ರಿಯ ತಾಳೆ

ಎಚ್ಚರಿಕೆ ಗಂಟೆಯನ್ನು ಬಾಕಿ ಜಾಬ್‌ಗಳ ಸಂಖ್ಯೆಗೆ ಕಟ್ಟುವ ಬದಲು, ಅತಿ ಹಳೆಯ ಜಾಬ್ ಎಷ್ಟು ಹೊತ್ತಿನಿಂದ ಕಾದಿದೆ ಎಂಬುದಕ್ಕೆ ಕಟ್ಟಿ. ಮಾರಾಟ ಜೋರಾದ ದಿನ ಸಂಖ್ಯೆ ಏರುವುದು ಸಹಜ. ಮೂರು ಗಂಟೆ ಹಳೆಯ ಜಾಬ್ ಮಾತ್ರ ಸಹಜವಲ್ಲ.

ದಿನದ ಕೊನೆಗೆ ಎರಡೂ ಕಡೆ ತಾಳೆ ನೋಡಿ, ಆದರೆ ಬರೀ ಎಣಿಕೆ ನಂಬಬೇಡಿ. 312 ಆರ್ಡರ್, 312 ಇನ್‌ವಾಯ್ಸ್ ಎಂದು ಸರಿಯಾಗಿ ಕಂಡರೂ ಒಳಗೆ ಒಂದು ಕಾಣೆಯಾಗಿ ಇನ್ನೊಂದು ಎರಡಾಗಿರಬಹುದು. ಆರ್ಡರ್ ಸಂಖ್ಯೆಗೆ ಆರ್ಡರ್ ಸಂಖ್ಯೆಯನ್ನೇ ಹೊಂದಿಸಿ. ಎರಡಾದದ್ದು ಸಿಕ್ಕಿದರೆ ಹಣ ಯಾವ ಇನ್‌ವಾಯ್ಸ್‌ಗೆ ಜಮಾ ಆಗಿದೆ ನೋಡಿ, ಇನ್ನೊಂದನ್ನು ಅಳಿಸದೆ ವಾಯ್ಡ್ ಮಾಡಿ. ನಿಮ್ಮ ಟೇಬಲ್‌ನಲ್ಲಿ ಉಳಿದಿರುವುದು ವಾಯ್ಡ್ ಆದ ಇನ್‌ವಾಯ್ಸ್‌ನ ಐಡಿ ಆಗಿದ್ದರೆ ಅದನ್ನೂ ಆಗಲೇ ತಿದ್ದಿ. ಮರೆತರೆ ಮುಂದೆ ಬರುವ ರಿಫಂಡ್ ಹೋಗಿ ಆ ವಾಯ್ಡ್ ಆದ ಇನ್‌ವಾಯ್ಸ್‌ಗೇ ಬಡಿದು, ಸೀದಾ ಪೆಟ್ಟಿಗೆಗೆ ಬೀಳುತ್ತದೆ.