ಮುಚ್ಚಿದ ಟಿಕೆಟ್ ಎಣಿಸಿ ಇನ್‌ಕ್ರಿಮೆಂಟ್ ಕೊಟ್ಟರೆ: ನನ್ನ ಅನುಭವ

ದಾವಣಗೆರೆ ಎಪಿಎಂಸಿ ಯಾರ್ಡಿನ ದಲಾಲಿ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವ ಸಣ್ಣ ತಂಡ ನಮ್ಮದು. ಮಂಡಿಯಿಂದ ಬರುವ ಪ್ರತಿ ದೂರೂ ಜಿರಾ ಎಂಬ ಕೆಲಸ ದಾಖಲಿಸುವ ಸಾಫ್ಟ್‌ವೇರಿನಲ್ಲಿ ಒಂದು ಟಿಕೆಟ್ ಆಗುತ್ತದೆ. ಒಂದು ವರ್ಷ ಅಪ್ರೈಸಲ್‌ಗೆ ಎರಡೇ ಅಂಕಿ ಹಿಡಿದೆವು: ಯಾರು ತಿಂಗಳಿಗೆ ಎಷ್ಟು ಟಿಕೆಟ್ ಮುಚ್ಚಿದರು, ಒಂದೊಂದಕ್ಕೆ ಸರಾಸರಿ ಎಷ್ಟು ಹೊತ್ತು ಹಿಡಿಯಿತು. ಎರಡೂ ತಿಂಗಳಿಂದ ತಿಂಗಳಿಗೆ ಚೆನ್ನಾಗುತ್ತಾ ಹೋದವು. ಮಂಡಿಯವರ ಫೋನ್ ಮಾತ್ರ ಕಮ್ಮಿ ಆಗಲಿಲ್ಲ.

ಕಾರಣ ಸ್ಪಷ್ಟವಾಗಿ ಕಂಡದ್ದು ಮೆಕ್ಕೆಜೋಳದ ಸುಗ್ಗಿಯಲ್ಲಿ ಬಂದ ಒಂದು ದೋಷದಲ್ಲಿ. ಬಿಲ್ ಮಾಡುವಾಗ ಒಟ್ಟು ತೂಕದಿಂದ ಖಾಲಿ ಚೀಲದ ತೂಕ ಕಳೆಯಬೇಕು. ಒಮ್ಮೆ ಸೇವ್ ಮಾಡಿದ ಬಿಲ್ಲನ್ನು ತಿದ್ದಿ ಮತ್ತೆ ಸೇವ್ ಮಾಡಿದರೆ ಆ ತೂಕ ಎರಡನೇ ಸಲವೂ ಕಳೆಯುತ್ತಿತ್ತು. ಚೀಲಕ್ಕೆ ಒಂದು ಕಿಲೋ ಎಂದರೆ 80 ಚೀಲ ತಂದ ರೈತನಿಗೆ 80 ಕಿಲೋ ಖೋತಾ. ಕ್ವಿಂಟಲ್‌ಗೆ ₹2,200 ಎಂದಿಟ್ಟುಕೊಂಡರೆ ಒಂದು ಬಿಲ್ಲಿಗೇ ₹1,760.

ಇಂಥ ಟಿಕೆಟ್ ಮುಗಿಸಲು ಎರಡು ದಾರಿ. ಡೇಟಾಬೇಸಿನಲ್ಲಿ ಆ ಒಂದು ಬಿಲ್ಲಿನ ತೂಕ ಕೈಯಿಂದ ಸರಿಮಾಡಿ ಮುಚ್ಚುವುದು, ಹತ್ತು ನಿಮಿಷದ ಕೆಲಸ. ಇಲ್ಲವೇ ತಿದ್ದುಪಡಿಯ ಕೋಡ್ ಓದಿ, ದೋಷ ಮರುಕಳಿಸುವಂತೆ ಮಾಡಿ ನೋಡಿ, ಸರಿಪಡಿಸಿ, ಹಳೆಯ ಬಿಲ್ಲುಗಳನ್ನೆಲ್ಲ ಪರೀಕ್ಷಿಸುವುದು. ಅದಕ್ಕೆ ಎರಡು ದಿನ ಬೇಕು. ಮೊದಲ ದಾರಿ ಹಿಡಿದವರ ಹೆಸರಿಗೆ ನಾಳೆ ಇನ್ನೊಂದು ಬಿಲ್, ನಾಡಿದ್ದು ಮತ್ತೊಂದು; ಪ್ರತಿಯೊಂದೂ ಹೊಸ ಟಿಕೆಟ್, ಪ್ರತಿಯೊಂದೂ ಹತ್ತು ನಿಮಿಷ. ಎರಡನೇ ದಾರಿ ಹಿಡಿದವರ ಲೆಕ್ಕದಲ್ಲಿ ಒಂದೇ ಟಿಕೆಟ್, ಸರಾಸರಿ ಸಮಯವೂ ಹಾಳು. ಅವರು ಬಾರದಂತೆ ತಡೆದ ಟಿಕೆಟ್‌ಗಳು ಯಾವ ವರದಿಯಲ್ಲೂ ಕಾಣುವುದಿಲ್ಲ. ದೋಷವನ್ನು ಉಳಿಸಿಕೊಂಡವರಿಗೆ ಹೆಚ್ಚು ಸಂಬಳ ಕೊಡುವ ಪದ್ಧತಿ ನಾವೇ ಮಾಡಿಟ್ಟಿದ್ದೆವು. ಯಾರೂ ಕೆಟ್ಟವರಾಗಬೇಕಿಲ್ಲ, ಮನೆಗೆ ಹೋಗುವ ದುಡ್ಡು ಯಾವ ಕಡೆ ಇದೆಯೋ ಕೆಲಸವೂ ಆ ಕಡೆ ವಾಲುತ್ತದೆ. ಅಂಕಿಯನ್ನು ಹಿಡಿತಕ್ಕೆ ಬಳಸಲು ಹೊರಟರೆ ಅದು ಮೊದಲು ತೋರಿಸುತ್ತಿದ್ದುದನ್ನು ತೋರಿಸುವುದು ನಿಲ್ಲಿಸುತ್ತದೆ ಎಂದು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲೇ ಹಣಕಾಸು ನೀತಿಯ ಸಂದರ್ಭದಲ್ಲಿ ಹೇಳಿದ್ದರು. ಟಿಕೆಟ್ ವಿಷಯದಲ್ಲಿ ಅದು ಇನ್ನೂ ಬೇಗ ಆಗುತ್ತದೆ, ಯಾಕೆಂದರೆ ಅಳೆಸಿಕೊಳ್ಳುವವರ ಕೈಯಲ್ಲೇ ತಕ್ಕಡಿ ಇರುತ್ತದೆ.

ಸಮಯದ ಅಂಕಿ ಬಾಗಿದ್ದು ಬೇರೆ ರೀತಿ. ಟಿಕೆಟನ್ನು "Waiting for customer"ಗೆ ಹಾಕಿದರೆ ಗಡಿಯಾರ ನಿಲ್ಲುವಂತೆ ನಮ್ಮಲ್ಲಿ ಹೊಂದಿಸಿತ್ತು. ಸಂಜೆ ಐದಕ್ಕೆ "ಬಿಲ್ ನಂಬರ್ ಕಳಿಸಿ ಸರ್" ಎಂದು ಬರೆದರೆ ಸಾಕು, ಆ ನಂಬರ್ ದೂರಿನಲ್ಲೇ ಇದ್ದರೂ ಸರಿ, ಬೆಳಗಿನವರೆಗೆ ಸಮಯ ಓಡುವುದಿಲ್ಲ. ಮುಚ್ಚಿದ್ದನ್ನು ಮಂಡಿಯವರು ಮತ್ತೆ ತೆರೆಯಹೋದರೆ "ಹೊಸದು ಹಾಕಿ" ಎನ್ನುವುದೂ ರೂಢಿಯಾಯಿತು. ಕೆಲಸ ಎಷ್ಟು ದೊಡ್ಡದೆಂದು ತಂಡವೇ ಅಂದಾಜಿಸಿ ಕೊಡುವ ಸ್ಟೋರಿ ಪಾಯಿಂಟ್ ಎಣಿಸುವ ಕಡೆ ಎರಡು ಪಾಯಿಂಟಿನ ಕೆಲಸ ಐದಾಗುತ್ತದೆ, ಅಷ್ಟೇ ವ್ಯತ್ಯಾಸ.

ಇದನ್ನು ಪತ್ತೆಹಚ್ಚಲು ಜಿರಾದಲ್ಲಿ ಒಂದೊಂದಾಗಿ ಹಾಕುವ ಈ ಎರಡು ಹುಡುಕಾಟ ಸಾಕಾಗುತ್ತವೆ. ಸ್ಟೇಟಸ್ ಹೆಸರು ನಿಮ್ಮಲ್ಲಿ ಹೇಗಿದೆಯೋ ಹಾಗೆ ಬದಲಿಸಿಕೊಳ್ಳಿ:

```
status CHANGED TO "Waiting for customer" AFTER -30d
status CHANGED FROM "Done" AFTER -30d
```

ಮೊದಲನೆಯದರಲ್ಲಿ ಸಿಕ್ಕ ಇಪ್ಪತ್ತು ಟಿಕೆಟ್ ತೆರೆದು, ಕೇಳಿದ ಪ್ರಶ್ನೆಗೆ ಉತ್ತರ ದೂರಿನಲ್ಲೇ ಇತ್ತೇ ಎಂದು ಓದಿ. ಎರಡನೆಯದರಲ್ಲಿ ಮತ್ತೆ ತೆರೆದವು ತೀರಾ ಕಡಿಮೆ ಇದ್ದರೆ ಖುಷಿಪಡುವ ಮುಂಚೆ, ಅದೇ ಮಂಡಿಯಿಂದ ಒಂದು ವಾರದೊಳಗೆ ಅದೇ ವಿಷಯಕ್ಕೆ ಹೊಸ ಟಿಕೆಟ್ ಬಂದಿದೆಯೇ ನೋಡಿ. ತಲೆಬರಹ ಬೇರೆ ಇರುತ್ತದೆ, ಆದ್ದರಿಂದ ಈ ಹೋಲಿಕೆಯನ್ನು ಕಣ್ಣಿನಿಂದಲೇ ಮಾಡಬೇಕು.

ಈಗ ಅಪ್ರೈಸಲ್‌ನಲ್ಲಿ ಹೆಸರುವಾರು ಅಂಕಿ ತೆಗೆಯುವುದಿಲ್ಲ. ಬದಲಿಗೆ ಪ್ರತಿಯೊಬ್ಬರೂ ತಾವೇ ಆರಿಸಿದ ಮೂರು ಟಿಕೆಟ್ ತರುತ್ತಾರೆ, ಲೀಡ್ ಇನ್ನೆರಡನ್ನು ಆರಿಸುತ್ತಾರೆ. ಐದನ್ನೂ ಒಟ್ಟಿಗೆ ಕೂತು ಓದುತ್ತೇವೆ: ಕಾರಣ ಸಿಕ್ಕಿತೇ, ಮತ್ತೆ ಬಂತೇ, ಬೇರೆಯವರ ಟಿಕೆಟ್‌ನಲ್ಲಿ ಇವರ ಕಾಮೆಂಟ್‌ನಿಂದ ದಾರಿ ಸಿಕ್ಕಿತೇ. ಒಬ್ಬರಿಗೆ ಸುಮಾರು ಒಂದು ಗಂಟೆ ಬೇಕು. ತಂಡ ದೊಡ್ಡದಾದರೆ ಇದು ಭಾರವಾಗುತ್ತದೆ, ಲೀಡ್‌ಗೆ ಕೆಲಸದ ಒಳಹೊರಗು ಗೊತ್ತಿಲ್ಲದಿದ್ದರೆ ನಡೆಯುವುದೇ ಇಲ್ಲ. ಟಿಕೆಟ್ ಎಣಿಕೆ ಇಡೀ ತಂಡದ್ದು ಮಾತ್ರ ಇಟ್ಟುಕೊಂಡಿದ್ದೇವೆ, ಸುಗ್ಗಿಗೆ ಎಷ್ಟು ಜನ ಬೇಕೆಂದು ಅಂದಾಜು ಮಾಡಲು. ಅದಕ್ಕೂ ಟಾರ್ಗೆಟ್ ಹಾಕಿಲ್ಲ. ಹಾಕಿದರೆ ಚೀಲದ ತೂಕ ಮತ್ತೆ ಕೈಯಿಂದಲೇ ಸರಿಯಾಗಲು ಶುರುವಾಗುತ್ತದೆ.