ಆರಿದ್ರಾ ಚುಕ್ಕಿ ಬಲಕ್ಕ ಹೋಗಿತ್ತು: ಫೋಟೋಕ್ಕ ನಕ್ಷತ್ರದ ಪರದೆ ಮಾಡೂದು ಹೆಂಗ

ವಿಜಯಪುರದಾಗ ಇರೂ ನಮ್ಮ ಅಕ್ಕನ ಮಗಳು ಸವಿತಾ ಎಂಟನೇತ್ತಾ ಓದತಾಳ, ಮಾತು ಕಮ್ಮಿ, ಫೋಟೋ ಅಂದ್ರ ಬಾಗಲ ಹಿಂದ ಸರದು ನಿಲ್ಲಾಕಿ. ಸಾಲಿ ವಿಜ್ಞಾನ ಮೇಳಕ್ಕ ಆಕಿ ಹಿಡದದ್ದು ಮುತ್ಯಾ ಕೇಳಿದ ಪ್ರಶ್ನೆ. "ಆರಿದ್ರಾ ಮಳಿ ಬೀಳೂ ಮುಂದ ಆರಿದ್ರಾ ಚುಕ್ಕಿ ಯಾಕ ಕಾಣಂಗಿಲ್ಲವಾ?" ಉತ್ತರ ಸರಳ ಐತಿ, ಜೂನ್ 21-22ರ ಸುಮಾರಿಗೆ ಸೂರ್ಯ ಆ ಚುಕ್ಕಿ ಕಡೇನ ಇರ್ತಾನ, ಅದು ಹಗಲೊತ್ತ ಹುಟ್ಟಿ ಹಗಲೊತ್ತ ಮುಳಗತತಿ, ಮೋಡ ಇಲ್ದಿದ್ರೂ ಕಾಣಂಗಿಲ್ಲ. ಪ್ರಾಜೆಕ್ಟ್ ಜೋಡಿ ಒಂದು ಫೋಟೋ ಕೊಡ್ಬೇಕಿತ್ತು, ಮನ್ಯಾಗಿನ ಗ್ವಾಡಿ ತುಂಬ ಕ್ಯಾಲೆಂಡರ್, ಅದಕ್ಕ ಪರದೆ.

ಮೊದಲ ಕೂಲರ್ ಬಾಕ್ಸಿನ ರಟ್ಟಿಗೆ ಸೂಜಿಲೆ ತೂತು ಹಾಕಿದ್ಲು. ರಟ್ಟು ದಪ್ಪ, ನೆಟ್ಟಗ ನಿಂತ್ರಷ್ಟ ಬೆಳಕು ಕಾಣ್ತಿತ್ತು, ಚೂರು ಬಾಜೂಕ ಸರದ್ರ ಚುಕ್ಕಿ ಮಾಯ. ರಟ್ಟು ಬ್ಯಾಡ್ರಿ, ಕರೆ ಚಾರ್ಟ್ ತಗೋರಿ, ಆದ್ರ ಒಂದ ಪದರ ಸಾಲಂಗಿಲ್ಲ, ಬಲ್ಬಿಗೆ ಅಡ್ಡ ಹಿಡದ್ರ ಹಾಳಿನ ಹೊಳೀತತಿ ಅಂದ್ರ ಇನ್ನೊಂದು ಅಂಟಸಬೇಕು. ಆಕಿ ಎರಡು ಚಾರ್ಟ್ ಜೋಡಿಸಿ ಹಿಂದ ಮತ್ತೆರಡು ಅಂಟಿಸಿದ್ಲು.

ಆರಿದ್ರಾ ಇರೂದು ಬ್ಯಾಟಿಗಾರ ಅನ್ನೂ ಚುಕ್ಕಿ ಗುಂಪಿನ್ಯಾಗ, ಅದರ ಆಕಾರ ಪೆನ್ಸಿಲಿನಿಂದ ಬರೀರಿ, ನಡುವ ಸಾಲಾಗಿ ಮೂರು ಚುಕ್ಕಿ, ಎಡಕ್ಕ ಮ್ಯಾಲ ಆರಿದ್ರಾ, ಬಲಕ್ಕ ಕೆಳಗ ಇನ್ನೊಂದು ದೊಡ್ಡ ಚುಕ್ಕಿ. ಸಣ್ಣವಕ್ಕ ಸೂಜಿ, ಇವೆರಡಕ್ಕ ದಬ್ಬಣ. ಗೆರಿ ಮುಂದ ಕಾಣಬಾರದು ಅಂತ ಸವಿತಾ ಹಿಂದಿನ ಕಡೆ ಬರದು ಅಲ್ಲಿಂದನ ಚುಚ್ಚಿದ್ಲು, ದೀಪ ಹಚ್ಚಿದ ಮ್ಯಾಲ ಮುತ್ಯಾ, "ಇದು ಕನ್ನಡ್ಯಾಗಿನ ಆಕಾಶ ಆತಲ್ಲ" ಅಂದ. ಆರಿದ್ರಾ ಬಲಕ್ಕ ಹೋಗಿತ್ತು! ಪುಣ್ಯಕ್ಕ ಎರಡೂ ಕಡೆ ಕರೆ ಇತ್ತು, ಹಾಳಿ ಹೊಳ್ಳಿಸಿ ಕಟ್ಟಿ ಪೆನ್ಸಿಲ್ ಗೆರಿ ರಬ್ಬರಿನಿಂದ ಅಳಿಸಿದ್ಲು. ಹಿಂದಿಂದ ಚುಚ್ಚೂದಿದ್ರ ಚಿತ್ರ ಉಲ್ಟಾ ಬರೀರಿ.

ಆರಿದ್ರಾ ಕೆಂಪಿನ ಚುಕ್ಕಿ, ತೂತಿನ ಹಿಂದ ಕೆಂಪು ಜಿಲೆಟಿನ್ ಹಾಳಿ ಚೂರು ಸಾಕು. ಎಲ್ಲಾದಕ್ಕೂ ಹಿಂದ ಬಟರ್ ಪೇಪರ್, ಅದರಿಂದ ಅರ್ಧ ಫುಟ್ ದೂರ ದೀಪಾವಳಿ ಸೀರಿಯಲ್ ಸೆಟ್, ಬಿಳೇದು, ಮಿಣಮಿಣ ಅನ್ನೂದು ಬ್ಯಾಡ. ಬಟರ್ ಪೇಪರ್ ಇಲ್ದಿದ್ರ ಬಲ್ಬಿನ ಎದುರಿನ ತೂತಷ್ಟ ಹೊಳೀತಾವು.

ಫೋಟೋಕ್ಕ ಫ್ಲಾಶ್ ಬಂದ್ ಮಾಡ್ರಿ, ಹಾಕಿದ್ರ ಕರೆ ಹಾಳಿ ಬೂದಿ ಬಣ್ಣ ಆಗಿ ಚುಕ್ಕಿ ಹೋಗ್ತಾವು. ನಿಂತಾವ್ರು ಪರದೆಯಿಂದ ಮೂರು ಫುಟ್ ಮುಂದ ಇರ್ಲಿ, ಬಾಜೂದಿಂದ ಟಾರ್ಚಿಗೆ ಬಿಳಿ ಹಾಳಿ ಮುಚ್ಚಿ ಮಾರಿ ಮ್ಯಾಲಷ್ಟ ಬಿಡ್ರಿ. ಫೋನ್ ಪುಸ್ತಕಕ್ಕ ಆನಿಸಿ ಟೈಮರ್ ಇಡ್ರಿ, ಕೈಯಾಗ ಹಿಡದ್ರ ಚುಕ್ಕಿ ಗೆರಿ ಆಗ್ತಾವು.

ಸೂರ್ಯ ಅಂತ ಹಳದಿ ರಟ್ಟಿನ ಗುಂಡು ಇತ್ತು, ಮೊದಲ ನಾಕು ಫೋಟೋದಾಗ ಆಕಿ ಅದನ್ನ ಮಾರಿಗೇ ಹಿಡಕೊಂಡ್ಲು. "ಮಾಮಾ, ಕ್ಯಾಮೆರಾ ನೋಡ್ಲೇಬೇಕೇನ?" ಬ್ಯಾಡವಾ, ಜೂನಿನ ಸೂರ್ಯ ಎಲ್ಲಿರ್ತಾನ ಅಷ್ಟ ತೋರ್ಸು ಅಂದೆ. ಆಕಿ ಕೈ ಎತ್ತಿ ಗುಂಡನ್ನ ಬ್ಯಾಟಿಗಾರನ ತಲಿ ಮ್ಯಾಲ ಹಿಡದು ಅದನ್ನೇ ನೋಡ್ಕೋತ ನಿಂತ್ಲು, ಆ ಐದನೇದ್ದ ಕೊಟ್ವಿ.